ಮೂರು ಮೆಟ್ಟಿಲಿನ ವಾಚನಾಲಯ: ತೊಂದರೆ ಇರುವುದು ಕಾಲಿನಲ್ಲೋ, ಮೆಟ್ಟಿಲಿನಲ್ಲೋ?

ಓದುಗರ_ಬಳಗ

ಉಡುಪಿಯಿಂದ ಸ್ವಲ್ಪ ಬಡಗು ದಿಕ್ಕಿಗೆ ನಮ್ಮ ಊರಿನ ಸಂಘದ್ದೊಂದು ವಾಚನಾಲಯ ಉಂಟು. ಮಳೆನೀರು ಒಳಗೆ ಬರಬಾರದೆಂದು ಹಿರಿಯರು ಪಂಚಾಂಗ ಎತ್ತರಿಸಿ ಕಟ್ಟಿದ್ದಾರೆ, ಹಾಗಾಗಿ ಎದುರು ಮೂರು ಮೆಟ್ಟಿಲು. ಬೆನ್ನುಹುರಿಗೆ ಪೆಟ್ಟಾಗಿ ಗಾಲಿಕುರ್ಚಿ ಬಳಸುವ ಯುವಕರೊಬ್ಬರು ಈ ವರ್ಷ ಸದಸ್ಯರಾದರು. ಈಗ ಅವರು ಬಂದಾಗಲೆಲ್ಲ ಇಬ್ಬರು ಸೇರಿ ಕುರ್ಚಿ ಸಮೇತ ಎತ್ತಿ ಒಳಗಿಡುತ್ತಾರೆ.

ಸಮಿತಿಯಲ್ಲಿ ಎರಡು ಮಾತು ಬಂತು. ಒಬ್ಬರು, "ಅವರ ಫಿಸಿಯೋಥೆರಪಿಗೆ ಸಂಘದಿಂದ ಸಹಾಯ ಮಾಡುವ, ಅಲ್ಲಿಯವರೆಗೆ ಪುಸ್ತಕ ಮನೆಗೆ ಕಳಿಸುವ" ಎಂದರು. ಇನ್ನೊಬ್ಬರು, "ರ‍್ಯಾಂಪ್ ಮಾಡಿದರೆ ಮುಗಿಯಿತಲ್ಲ" ಎಂದರು. ಬಿ.ಎಡ್. ಓದುವ ಹುಡುಗಿಯೊಬ್ಬಳು, ಮೊದಲನೆಯದು ವೈದ್ಯಕೀಯ ಮಾದರಿ, ಎರಡನೆಯದು ಸಾಮಾಜಿಕ ಮಾದರಿ ಎಂದಳು. ಅದನ್ನು ಬಿಡಿಸಿ ಹೇಳಲು ನಮ್ಮಲ್ಲಿ ಯಾರಿಗೂ ಆಗಲಿಲ್ಲ. ಭಾನುವಾರ ಮತ್ತೆ ಸಭೆ ಉಂಟು. ದಿನನಿತ್ಯದ ಉದಾಹರಣೆ ಕೊಟ್ಟು ಯಾರಾದರೂ ತಿಳಿಸಿ.

ಅಳತೆ ಬೇಕಾದರೆ: ಮೂರು ಮೆಟ್ಟಿಲು ಸೇರಿ 46 ಸೆ.ಮೀ. ಎತ್ತರ. ಬಾಗಿಲಿನಿಂದ ಗೇಟಿಗೆ 320 ಸೆ.ಮೀ. ಎದುರಿನ ಗೋಡೆಯ ಉದ್ದ 740 ಸೆ.ಮೀ., ಬಾಗಿಲು ಅದರ ಎಡತುದಿಯಲ್ಲಿ.

ಮುರಕಲ್ಲು

ಇಷ್ಟಕ್ಕೆ ಮಾದರಿ ಎಂತಕ್ಕೆ ಮಾರಾಯ್ರೆ? ಬಾಗಿಲಿನಿಂದ ಗೇಟಿಗೆ ಹತ್ತು ಅಡಿ ಮೇಲೆಯೇ ಜಾಗ ಉಂಟಲ್ಲ, ನೇರಕ್ಕೆ ಒಂದು ಇಳಿಜಾರು ಕಾಂಕ್ರೀಟ್ ಹಾಕಿ. ಮೇಲೆ ಗ್ರಾನೈಟ್ ಕೂರಿಸಿದರೆ ಚಂದ ಕಾಣ್ತದೆ. ಎರಡು ದಿನದ ಕೆಲಸ. ನಾವು ಅಂಗಡಿಗಳ ಎದುರು ಹಾಗೆಯೇ ಮಾಡುದು, ಸ್ಕೂಟರ್ ಆರಾಮ ಹತ್ತುತ್ತದೆ.

ವಾಣಿ_ತೆಂಕುಪೇಟೆ

ಸ್ಕೂಟರಿಗೆ ಎಂಜಿನ್ ಉಂಟು ಸರ್, ಗಾಲಿಕುರ್ಚಿಗೆ ಇರುವುದು ಎರಡು ತೋಳು. ಇಳಿಜಾರಿನ ವಿಷಯಕ್ಕೆ ಆಮೇಲೆ ಬರುತ್ತೇನೆ, ಮೊದಲು ಬಳಗದವರು ಕೇಳಿದ್ದು.

ಎರಡೂ ಮಾದರಿಗಳು ಕೇಳುವುದು ಒಂದೇ ಪ್ರಶ್ನೆ: ಈ ಯುವಕನಿಗೆ ವಾಚನಾಲಯದ ಒಳಗೆ ಯಾಕೆ ಹೋಗಲಾಗುತ್ತಿಲ್ಲ? "ಅವರ ಕಾಲಿಗೆ ಶಕ್ತಿ ಇಲ್ಲ" ಎಂಬುದು ವೈದ್ಯಕೀಯ ಮಾದರಿಯ ಉತ್ತರ. ಆ ಉತ್ತರ ಒಪ್ಪಿದರೆ ಮುಂದಿನ ಕೆಲಸ ವೈದ್ಯರದ್ದು, ಫಿಸಿಯೋಥೆರಪಿಯದ್ದು, ಕೊನೆಗೆ ಆ ಯುವಕನದ್ದೇ. ಕಟ್ಟಡ ಇದ್ದ ಹಾಗೆಯೇ ಇರುತ್ತದೆ. "ಬಾಗಿಲಿಗೆ ಮೆಟ್ಟಿಲಲ್ಲದೆ ಬೇರೆ ದಾರಿ ಇಲ್ಲ" ಎಂಬುದು ಸಾಮಾಜಿಕ ಮಾದರಿಯ ಉತ್ತರ. ಆಗ ಕೆಲಸ ನಿಮ್ಮ ಸಮಿತಿಯದ್ದು.

ನಮ್ಮ ಕಡೆಯ ಹಳೆಯ ಮನೆಗಳ ಕುಳ್ಳ ಬಾಗಿಲು ನೆನಪು ಮಾಡಿಕೊಳ್ಳಿ. ಆರಡಿ ಎತ್ತರದ ಅಳಿಯ ಬಂದು ದಾರಂದಕ್ಕೆ ಹಣೆ ಬಡಿದುಕೊಂಡರೆ "ಬಾಗಿಲು ಕುಳ್ಳ" ಎನ್ನುತ್ತೇವೆ. ಅವನ ಎತ್ತರಕ್ಕೆ ಔಷಧ ಹುಡುಕಿಕೊಂಡು ಹೋಗುವುದಿಲ್ಲ. ಅದೇ ಬಾಗಿಲಿನ ಹೊಸ್ತಿಲು ಗಾಲಿಕುರ್ಚಿಯನ್ನು ತಡೆದರೆ ಮಾತ್ರ "ಪಾಪ, ಅವರಿಗೆ ಕಾಲಿಲ್ಲ" ಎಂದುಬಿಡುತ್ತೇವೆ. ಬಾಗಿಲು ಒಂದೇ, ತಪ್ಪು ಹೊರಿಸುವ ಜಾಗ ಬೇರೆ.

ಈ ಯೋಚನೆ ಹುಟ್ಟಿದ್ದು ಬ್ರಿಟನ್ನಿನಲ್ಲಿ, ಸ್ವತಃ ದೈಹಿಕ ನ್ಯೂನತೆ ಇದ್ದವರ ಸಂಘಟನೆಯಲ್ಲಿ. 1976ರಲ್ಲಿ ಅವರು, ದೇಹದ ನ್ಯೂನತೆ ಒಂದು, ಸಮಾಜ ಅದರ ಮೇಲೆ ಹೇರುವ ಅಡ್ಡಿ ಇನ್ನೊಂದು ಎಂದು ಬರೆದಿಟ್ಟರು. 1983ರಲ್ಲಿ ಮೈಕ್ ಆಲಿವರ್ ಎಂಬ ಸಮಾಜಶಾಸ್ತ್ರಜ್ಞರು ಅದಕ್ಕೆ ಸಾಮಾಜಿಕ ಮಾದರಿ ಎಂದು ಹೆಸರಿಟ್ಟರು. ಅವರೂ ಗಾಲಿಕುರ್ಚಿ ಬಳಸುತ್ತಿದ್ದವರು.

ಪುಸ್ತಕ ಮನೆಗೆ ಕಳಿಸುವ ಆಲೋಚನೆಯಲ್ಲಿ ಒಂದು ಸೂಕ್ಷ್ಮ ಉಂಟು. ಅದು ಚಿಕಿತ್ಸೆಯಲ್ಲ, ಆದರೂ ವೈದ್ಯಕೀಯ ಮಾದರಿಯ ನೆರಳಿನಲ್ಲೇ ಇದೆ. ಯಾಕೆಂದರೆ ಬರಲಾಗದಿರುವುದು ಅವರ ಸ್ಥಿತಿ ಎಂದು ಒಪ್ಪಿಕೊಂಡ ಮೇಲಿನ ಉಪಕಾರ ಅದು. ಪೇಪರ್ ಓದಲು, ನಾಲ್ಕು ಜನರ ಹತ್ತಿರ ಮಾತಾಡಲು, ಕಪಾಟಿನಲ್ಲಿ ಹುಡುಕುವಾಗ ಬೇರೆಯೇ ಒಂದು ಪುಸ್ತಕ ಕೈಗೆ ಸಿಗಲು ಮನುಷ್ಯ ವಾಚನಾಲಯಕ್ಕೆ ಬರುವುದಲ್ಲವೇ?

ಸುರತ್ಕಲ್_ಸೊಸೆ

ನಮಸ್ಕಾರ. ನಮ್ಮ ಅತ್ತೆಗೆ ಎರಡು ತಿಂಗಳ ಹಿಂದೆ ಪಾರ್ಶ್ವವಾಯು ಆಗಿ ಎಡಗೈ, ಎಡಗಾಲಿಗೆ ಬಲ ಇಲ್ಲ. ಅವರಿಗೆ ಅಂಗವಿಕಲರ ಕಾರ್ಡ್ ಮಾಡಿಸಲು ಯಾವ ಮಾದರಿಯಲ್ಲಿ ಅರ್ಜಿ ಹಾಕಬೇಕು, ವೈದ್ಯಕೀಯವೋ ಸಾಮಾಜಿಕವೋ? ಎರಡೂ ನಮೂನೆ ಎಲ್ಲಿ ಸಿಗುತ್ತದೆ?

ಮುರಕಲ್ಲು

😀 ಅಕ್ಕ, ಇದು ಅರ್ಜಿಯ ಮಾದರಿ ಅಲ್ಲ.

ವಾಣಿ_ತೆಂಕುಪೇಟೆ

ನಗಬೇಡಿ ಸರ್, ಅವರು ಕೇಳಿದ್ದು ವಿಷಯದ ನಡುಮಧ್ಯಕ್ಕೇ ಬಂದು ನಿಲ್ಲುತ್ತದೆ.

ಅಕ್ಕ, ಅರ್ಜಿ ಒಂದೇ. `swavlambancard.gov.in` ನಲ್ಲಿ ಆಧಾರ್ ಮತ್ತು ಫೋಟೋ ಇಟ್ಟುಕೊಂಡು ಹಾಕಬೇಕು. ಆಮೇಲೆ ಆಸ್ಪತ್ರೆಯ ತಪಾಸಣೆ, ಅಲ್ಲಿ ಅಂಗವೈಕಲ್ಯದ ಶೇಕಡಾವಾರು ಬರೆದುಕೊಡುತ್ತಾರೆ. ಚಿಕಿತ್ಸೆಯ ಕಾಗದಗಳನ್ನೆಲ್ಲ ತೆಗೆದಿಡಿ. ಪಾರ್ಶ್ವವಾಯುವಿನಲ್ಲಿ ಮೊದಲ ಕೆಲವು ತಿಂಗಳು ಬಲ ಮರಳಿ ಬರುವ ಸಾಧ್ಯತೆ ಇರುವುದರಿಂದ ಸಾಮಾನ್ಯವಾಗಿ 6 ತಿಂಗಳು ಕಳೆದ ಮೇಲೆಯೇ ಅಳೆಯುತ್ತಾರೆ. ಈಗಲೇ ಹೋದರೆ ಆಮೇಲೆ ಬನ್ನಿ ಎಂದಾರು.

ಆ ಕಾಯುವಿಕೆ ವೈದ್ಯಕೀಯ ಮಾದರಿಯ ದೃಷ್ಟಿಯಿಂದ ಸರಿಯೇ. ದೇಹ ಒಂದು ಸ್ಥಿತಿಗೆ ಬಂದು ನಿಲ್ಲದೆ ಅಳೆಯುವುದು ಹೇಗೆ? ಆದರೆ ಅತ್ತೆಯವರಿಗೆ ಬಚ್ಚಲಿಗೆ ಹೋಗಲು ಇವತ್ತೇ ಆಗಬೇಕಲ್ಲ. ಅದಕ್ಕೆ ಯಾವ ಕಾರ್ಡೂ ಬೇಡ. ಬಚ್ಚಲ ಹೊಸ್ತಿಲು ಎತ್ತರ ಇದ್ದರೆ ಎರಡೂ ಬದಿಗೆ ಇಳಿಜಾರು ಕೊಟ್ಟು ಸರಿಮಾಡಿಸಿ. ನೆಲದ ಕಕ್ಕಸು ಇದ್ದರೆ ಮೇಲೆ ಇಡುವ ಕಮೋಡ್ ಕುರ್ಚಿ ತನ್ನಿ. ಕುಳಿತಾಗ ಬಲಗೈಗೆ ಸಿಗುವ ಹಾಗೆ ಗೋಡೆಗೊಂದು ಹಿಡಿ ಹಾಕಿಸಿ. ಎಡಬದಿಗೆ ಹಾಕಿದರೆ ಅವರಿಗೆ ಪ್ರಯೋಜನವಿಲ್ಲ. ಅಂಗಡಿಯಿಂದ ತಂದವರು ಹೆಚ್ಚಿನವರು ತಪ್ಪುವುದು ಇಲ್ಲಿಯೇ, ಗೋಡೆಗೆ ಎಲ್ಲಿ ಸುಲಭವೋ ಅಲ್ಲಿ ಕೂರಿಸಿಬಿಡುತ್ತಾರೆ.

ಮುರಕಲ್ಲು

ಹಿಡಿಯ ವಿಷಯದಲ್ಲಿ ಒಂದು ಮಾತು. ಮುರಕಲ್ಲಿನ ಗೋಡೆಗೆ ಪ್ಲಾಸ್ಟಿಕ್ ಗುಟ್ಟ ಹೊಡೆದು ಸ್ಕ್ರೂ ಬಿಗಿದರೆ ಟವೆಲ್ ನೇತುಹಾಕಲಿಕ್ಕೆ ಸಾಕು, ಮನುಷ್ಯನ ಭಾರಕ್ಕೆ ಸಾಲದು. ಕಲ್ಲು ಒಳಗೆ ತೂತು ತೂತು, ಒಂದು ದಿನ ಗುಟ್ಟ ಸಮೇತ ಕಿತ್ತು ಬರ್ತದೆ. ಗೋಡೆಯ ಆಚೆಗೆ ತೂರಿಸಿ ಉದ್ದ ಬೋಲ್ಟ್ ಹಾಕಿ, ಆಚೆ ಬದಿಗೆ ಅಗಲದ ತಗಡಿನ ಬಿಲ್ಲೆ ಇಟ್ಟು ನಟ್ಟು ಬಿಗಿಯಬೇಕು. ಹಾಕಿದ ಮೇಲೆ ನೀವೇ ಜೋತುಬಿದ್ದು ನೋಡಿ, ಆಮೇಲೆ ಅತ್ತೆಯನ್ನು ಕರೆಯಿರಿ.

ಕರಿಕೋಟು

ಕಾನೂನಿನ ಕಡೆಯಿಂದ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ ಒಳಗೆ ಎರಡೂ ಮಾದರಿಗಳು ಅಕ್ಕಪಕ್ಕದ ಮನೆಯವರ ಹಾಗೆ ಕುಳಿತಿವೆ. ವಿಕಲಚೇತನ ಯಾರು ಎಂಬುದಕ್ಕೆ ಕಾಯ್ದೆ ಕೊಡುವ ವ್ಯಾಖ್ಯೆಯಲ್ಲಿ ದೀರ್ಘಕಾಲದ ನ್ಯೂನತೆ ಮತ್ತು ಅಡೆತಡೆ ಎರಡೂ ಬರುತ್ತವೆ. ಅವೆರಡು ಸೇರಿ ಸಮಾಜದಲ್ಲಿ ಸರಿಸಮಾನವಾಗಿ ಭಾಗವಹಿಸುವುದನ್ನು ತಡೆದಾಗ ಅದು ಅಂಗವೈಕಲ್ಯ. 2006ರ ವಿಶ್ವಸಂಸ್ಥೆಯ ಒಡಂಬಡಿಕೆಯಿಂದ ಬಂದ ದೃಷ್ಟಿ ಅದು, ಭಾರತ ಅದನ್ನು 2007ರಲ್ಲಿ ಅನುಮೋದಿಸಿತು. ಅದೇ ಕಾಯ್ದೆಯಲ್ಲಿ ಮೀಸಲಾತಿಯಂಥ ಸೌಲಭ್ಯಕ್ಕೆ ಶೇಕಡಾ 40ರ ಗೆರೆ ಉಂಟು. ಆ 40ನ್ನು ಅಳೆಯುವುದು ದೇಹದಲ್ಲಿ ಮಾತ್ರ. ಮೆಟ್ಟಿಲನ್ನು ಯಾರೂ ಅಳೆಯುವುದಿಲ್ಲ.

ಒಂದೇ ಶೇಕಡಾವಾರಿನ ಕಾರ್ಡು ಇರುವ ಇಬ್ಬರನ್ನು ತೆಗೆದುಕೊಳ್ಳಿ. ಒಬ್ಬರ ಮನೆ ಮಣಿಪಾಲದಲ್ಲಿ ಲಿಫ್ಟ್ ಇರುವ ಫ್ಲಾಟ್. ಇನ್ನೊಬ್ಬರ ಮನೆ ಗುಡ್ಡದ ಬುಡದಲ್ಲಿ, ರಸ್ತೆಯಿಂದ ಅರವತ್ತು ಕಲ್ಲಿನ ಮೆಟ್ಟಿಲು ಇಳಿದು, ತೋಟದ ಬದಿಯಲ್ಲಿ ನಡೆದು, ತೋಡಿನ ಸಂಕ ದಾಟಿ ಹೋಗಬೇಕು. ಕಾರ್ಡಿನ ಲೆಕ್ಕದಲ್ಲಿ ಇಬ್ಬರೂ ಸಮ.

ಕೋರ್ಟು ಈ ವ್ಯತ್ಯಾಸವನ್ನು ಗಮನಿಸಿದ್ದುಂಟು. 2021ರ ವಿಕಾಸ್ ಕುಮಾರ್ ಪ್ರಕರಣ ನೋಡಿ. ಬರೆಯುವಾಗ ಕೈ ಸೆಡೆದುಕೊಳ್ಳುವ ತೊಂದರೆ ಇದ್ದ ಅಭ್ಯರ್ಥಿಯೊಬ್ಬರು ನಾಗರಿಕ ಸೇವಾ ಪರೀಕ್ಷೆಯಲ್ಲಿ ತಾವು ಹೇಳಿದ ಉತ್ತರ ಬರೆದುಕೊಡುವ ಬರಹಗಾರರನ್ನು ಕೇಳಿದರು. ಶೇಕಡಾ 40 ಇಲ್ಲ ಎಂದು ಪರೀಕ್ಷೆ ನಡೆಸುವವರು ನಿರಾಕರಿಸಿದರು. ಸುಪ್ರೀಂ ಕೋರ್ಟು, 40ರ ಗೆರೆ ಕೆಲವು ಸೌಲಭ್ಯಗಳಿಗೆ ಮಾತ್ರ, ಬರಹಗಾರರ ನೆರವಿಗೆ ಅದನ್ನು ಷರತ್ತು ಮಾಡಕೂಡದು ಎಂದಿತು. ಪ್ರಮಾಣಪತ್ರದಲ್ಲಿ ಎಷ್ಟು ಎಂಬುದು ಬಿಟ್ಟು ಪರೀಕ್ಷಾ ಕೊಠಡಿಯಲ್ಲಿ ಅಡ್ಡಿ ಏನು ಎಂದು ಕೇಳಿದ್ದು ಅಲ್ಲಿ.

ಕನ್ನಡಕದ_ಮಾಸ್ತರ್

ನಾನು ಮಕ್ಕಳಿಗೆ ಸುಲಭದಲ್ಲಿ ಹೇಳುವುದು ಹೀಗೆ: ಕನ್ನಡಕ ಹಾಕುವವರನ್ನು ಯಾರೂ ಅಂಗವಿಕಲರೆನ್ನುವುದಿಲ್ಲ, ಅದೇ ಸಾಮಾಜಿಕ ಮಾದರಿ. ಅಂದರೆ ಸಮಾಜ ಒಪ್ಪಿಕೊಂಡರೆ ಅಂಗವೈಕಲ್ಯ ಎಂಬುದೇ ಇಲ್ಲ. ಡಾಕ್ಟರೂ ಬೇಡ, ಔಷಧವೂ ಬೇಡ, ನಮ್ಮ ನೋಟ ಬದಲಾದರೆ ಸಾಕು.

ವಾಣಿ_ತೆಂಕುಪೇಟೆ

ಮಾಸ್ತರೇ, ಅರ್ಧ ಒಪ್ಪಿದೆ. ಕನ್ನಡಕ ಕೊಡುವವರು ಯಾರು? ಕಣ್ಣು ಪರೀಕ್ಷೆ ಮಾಡಿ, ನಂಬರ್ ಬರೆದು, ಒಬ್ಬೊಬ್ಬರ ಮೂಗಿನ ಮೇಲೆ ಕೂರಿಸುವ ಸಾಧನ ಅದು. ಅಚ್ಚ ವೈದ್ಯಕೀಯ ಮಾದರಿಯ ಕೆಲಸ, ಅದರ ಅತ್ಯಂತ ಯಶಸ್ವಿ ಉದಾಹರಣೆ ಎಂದರೂ ಆದೀತು. ಅದರಲ್ಲಿ ಸಾಮಾಜಿಕವಾದದ್ದು ಬೇರೆ: ಪೇಟೆಗೊಂದು ಕನ್ನಡಕದ ಅಂಗಡಿ ಇರುವುದು, ಹಾಕಿದವರನ್ನು ಯಾರೂ ತಿರುಗಿ ನೋಡದಿರುವುದು. ಕನ್ನಡಕ ಹಾಕಿಯೂ ಓದಲಾಗದಷ್ಟು ಸಣ್ಣ ಅಕ್ಷರದಲ್ಲಿ ಔಷಧದ ಚೀಟಿ ಅಚ್ಚಾಗುವುದುಂಟಲ್ಲ, ಸಾಮಾಜಿಕ ಮಾದರಿ ಬೆರಳು ತೋರಿಸುವುದು ಆ ಚೀಟಿಯ ಕಡೆಗೆ.

"ನೋಟ ಬದಲಾದರೆ ಸಾಕು" ಎಂಬುದನ್ನೂ ಬಿಡಬೇಕು. ಎಷ್ಟು ಪ್ರೀತಿಯಿಂದ ನೋಡಿದರೂ 46 ಸೆ.ಮೀ. ತಗ್ಗುವುದಿಲ್ಲ. ಡಾಕ್ಟರು ಬೇಡವೆಂದು ಸಾಮಾಜಿಕ ಮಾದರಿಯವರು ಹೇಳಿದ್ದೂ ಅಲ್ಲ. ಈ ಯುವಕನಿಗೆ ಒತ್ತುಹುಣ್ಣು ಬಂದರೆ ಡಾಕ್ಟರೇ ಬೇಕು, ಮೂತ್ರದ ಸೋಂಕಿಗೂ ಡಾಕ್ಟರೇ ಬೇಕು. ವಾಚನಾಲಯಕ್ಕೆ ಬರಲಾಗದ್ದಕ್ಕೆ ಮಾತ್ರ ಡಾಕ್ಟರು ಉತ್ತರವಲ್ಲ.

ಕಿವಿಯ ಉದಾಹರಣೆ ಇನ್ನೂ ಸ್ಪಷ್ಟ. ಬ್ಯಾಂಕಿನಲ್ಲಿ ಟೋಕನ್ ಕೊಟ್ಟು ಕೂರಿಸುತ್ತಾರೆ, ಆಮೇಲೆ ನಂಬರನ್ನು ಬಾಯಲ್ಲಿ ಕೂಗುತ್ತಾರೆ. ಕಿವಿ ಕೇಳದವರ ಸರದಿ ತಪ್ಪುತ್ತದೆ. ಶ್ರವಣಯಂತ್ರ ಹಾಕಿಕೊಳ್ಳಿ ಎನ್ನುವುದು ಒಂದು ಉತ್ತರ. ಆದರೆ ಯಂತ್ರ ಎಲ್ಲ ಸದ್ದನ್ನೂ ದೊಡ್ಡದು ಮಾಡುತ್ತದೆ, ಫ್ಯಾನಿನ ಸದ್ದು, ಹತ್ತು ಜನರ ಮಾತು ಎಲ್ಲ ಸೇರಿ ನಂಬರ್ ಕಲಸಿಹೋಗುತ್ತದೆ. ಕೌಂಟರಿನ ಮೇಲೆ ನಂಬರ್ ಬೆಳಗುವ ಬೋರ್ಡು ಇನ್ನೊಂದು ಉತ್ತರ. ಆದರೆ ಬೋರ್ಡು ಮಾತ್ರ ಇಟ್ಟು ಕೂಗುವುದನ್ನು ನಿಲ್ಲಿಸಿದರೆ ಕಣ್ಣು ಕಾಣದವರ ಸರದಿ ತಪ್ಪುತ್ತದೆ. ಎರಡೂ ಬೇಕು.

ಪದಕೋಶ

ಬದಿಯ ಮಾತೊಂದು. ನಮ್ಮ ಶಬ್ದಗಳೇ ಒಂದು ಪಕ್ಷ ಹಿಡಿದಿವೆ. "ಅಂಗವಿಕಲ" ಎಂದಾಗಲೇ ತೊಂದರೆಯನ್ನು ಅಂಗದಲ್ಲಿ ಇಟ್ಟಾಯಿತು. ಸರಕಾರದ ಇಲಾಖೆಯ ಹೆಸರಿನಲ್ಲಿರುವ "ವಿಕಲಚೇತನ" ಮರ್ಯಾದೆಗೆಂದು ಬಂದ ಶಬ್ದ, ಬಿಡಿಸಿದರೆ ಕಾಲು ಬಿಟ್ಟು ಚೇತನವೇ ವಿಕಲವಾಯಿತು! "ವಿಶೇಷಚೇತನ" ಹೊಗಳಿಕೆ, ಅಷ್ಟೆ. "ಮೆಟ್ಟಿಲಿನಿಂದ ತಡೆಯಲ್ಪಟ್ಟವರು" ಎಂಬರ್ಥದ ಶಬ್ದ ಕನ್ನಡದಲ್ಲಿ ನನಗೆ ಸಿಕ್ಕಿಲ್ಲ. ತುಳುವಿನಲ್ಲಿ ಯಾರಿಗಾದರೂ ಗೊತ್ತಿದ್ದರೆ ಹೇಳಿ.

ನೋವಿನ_ಲೆಕ್ಕ

ನಾನು ಇದನ್ನು ಓದುತ್ತಾ ಬಂದೆ. ನನಗಿರುವುದು ಸಂಧಿವಾತ. ಬೆಳಿಗ್ಗೆ ಬೆರಳು ಮಡಚಲು ಗಂಟೆ ಬೇಕು. ವಾಣಿ ಮೇಡಂ, ನಿಮ್ಮ ರ‍್ಯಾಂಪು ನನ್ನ ನೋವಿಗೆ ಏನು ಮಾಡುತ್ತದೆ? ಇಡೀ ಮಂಗಳೂರಿಗೆ ಲಿಫ್ಟ್ ಹಾಕಿದರೂ ಬೆಳಿಗ್ಗೆ ಆರಕ್ಕೆ ನೋವು ನೋವೇ. "ತೊಂದರೆ ನಿಮ್ಮ ದೇಹದಲ್ಲಿಲ್ಲ, ಸಮಾಜದಲ್ಲಿದೆ" ಎಂದು ಯಾರಾದರೂ ಹೇಳಿದರೆ ಸಿಟ್ಟು ಬರುತ್ತದೆ. ನನಗೆ ಮೊದಲು ಬೇಕಾದದ್ದು ಔಷಧ.

ವಾಣಿ_ತೆಂಕುಪೇಟೆ

ನಿಮ್ಮ ಸಿಟ್ಟಿಗೆ ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ. ಸಾಮಾಜಿಕ ಮಾದರಿಯನ್ನು ಒಪ್ಪಿದವರೊಳಗಿಂದಲೇ ಈ ಮಾತು ಎದ್ದಿದೆ. ನೋವು, ಸುಸ್ತು, ಉಲ್ಬಣಿಸುತ್ತಲೇ ಹೋಗುವ ಕಾಯಿಲೆ, ಇವುಗಳ ಬಗ್ಗೆ ಆ ಮಾದರಿ ಮಾತು ಕಡಿಮೆ ಮಾಡಿತು ಎಂದು ಬರೆದವರಲ್ಲಿ ನ್ಯೂನತೆ ಇದ್ದವರೇ ಇದ್ದಾರೆ. 2001ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೊಸ ವರ್ಗೀಕರಣ ಮಾಡುವಾಗ ದೇಹ, ಕೆಲಸ, ಪರಿಸರ ಎಲ್ಲವನ್ನೂ ಒಟ್ಟಿಗೆ ಇಟ್ಟಿತು.

ಆದರೂ ನಿಮ್ಮ ದಿನವನ್ನೇ ಎರಡು ಪಾಲು ಮಾಡಿ ನೋಡಬಹುದು. ಬೆಳಗಿನ ನೋವು ದೇಹದ್ದು. ಒಂಬತ್ತಕ್ಕೇ ಹಾಜರಿ ಹಾಕಬೇಕು, ಹತ್ತು ನಿಮಿಷ ತಡವಾದರೆ ಅರ್ಧ ದಿನದ ರಜೆ ಕಡಿತ ಎಂಬ ನಿಯಮ ದೇಹದ್ದಲ್ಲ. ತಿರುಗಿಸುವ ಗುಂಡು ಹಿಡಿಯ ಬಾಗಿಲನ್ನು ಬೆರಳು ಮಡಚದೆ ತೆರೆಯಲಾಗದು. ಅದೇ ಬಾಗಿಲಿಗೆ ಒತ್ತುವ ಉದ್ದ ಹಿಡಿ ಇದ್ದರೆ ಮೊಣಕೈ ಸಾಕು.

ನೋವಿನ_ಲೆಕ್ಕ

ಬಾಗಿಲ ಹಿಡಿಯ ಮಾತು ಒಪ್ಪಿದೆ. ಉಳಿದದ್ದು ಇಲ್ಲ. ಗಾಲಿಕುರ್ಚಿ ಕಣ್ಣಿಗೆ ಕಾಣುತ್ತದೆ, ಹಾಗಾಗಿ ನಿಮ್ಮ ಮಾದರಿಗೆ ಅದು ಒಳ್ಳೆಯ ಉದಾಹರಣೆ. ಕಾಣದ ತೊಂದರೆ ಇದ್ದವರು ಪ್ರಮಾಣಪತ್ರ ಇಲ್ಲದೆ ಬಸ್ಸಿನಲ್ಲಿ ಸೀಟು ಕೇಳಿದರೆ ಯಾರು ನಂಬುತ್ತಾರೆ? ಡಾಕ್ಟರ ಕಾಗದವೇ ನಮ್ಮ ರಕ್ಷಣೆ.

ಬಸ್ಸಿನ_ಬಾಗಿಲು

ಬಸ್ಸಿನ ಮಾತು ಬಂತೆಂದು ಹೇಳುತ್ತೇನೆ. ಇಲ್ಲಿನ ಸಿಟಿ ಬಸ್ಸುಗಳಲ್ಲಿ ಮೊದಲ ಮೆಟ್ಟಿಲೇ ಮೊಣಕಾಲಿನ ಹತ್ತಿರ ಬರುತ್ತದೆ. ಹಿಂದಿನಿಂದ ಇನ್ನೊಂದು ಬಸ್ಸು ಬರುತ್ತಿರುತ್ತದೆ, ಕಂಡಕ್ಟರ್ ಸೀಟಿ ಊದಿಬಿಡುತ್ತಾರೆ. ಊರುಗೋಲು ಹಿಡಿದವರು ಒಂದು ಕಾಲು ಮೇಲಿಟ್ಟಾಗ ಬಸ್ಸು ಹೊರಟಿರುತ್ತದೆ. ತಗ್ಗು ನೆಲದ ಬಸ್ಸು ಬೇಕು ಎಂದರೆ ಮಾಲಕರು ನಗುತ್ತಾರೆ, ದುಡ್ಡಿನ ವಿಷಯ. ಆದರೆ ಹತ್ತಿ ಕಂಬ ಹಿಡಿಯುವ ತನಕ ಸೀಟಿ ಊದದಿರಲು ದುಡ್ಡು ಬೇಡ. ಒಂದು ಮಾತ್ರ ಉಂಟು: ಟೈಮಿಂಗ್ ನಿಮಿಷದ ಲೆಕ್ಕದಲ್ಲಿ ಇರುವವರೆಗೆ ಪಾಪದ ಕಂಡಕ್ಟರೊಬ್ಬರನ್ನೇ ಬೈದು ಪ್ರಯೋಜನ ಇಲ್ಲ.

ಓದುಗರ_ಬಳಗ

ಎಲ್ಲರಿಗೂ ಧನ್ಯವಾದ. ವಾಣಿ ಮೇಡಂ, ಇಳಿಜಾರಿನ ವಿಷಯ ಬಾಕಿ ಇಟ್ಟಿರಿ. ಮುರಕಲ್ಲು ಅವರ ನೇರ ಇಳಿಜಾರು ಆಗುವುದಿಲ್ಲವೇ?

ವಾಣಿ_ತೆಂಕುಪೇಟೆ

ಆಗುವುದಿಲ್ಲ. ನಮ್ಮ ದೇಶದ ಮಾರ್ಗಸೂಚಿಯಲ್ಲಿರುವುದು 1:12, ಅಂದರೆ 1 ಸೆ.ಮೀ. ಏರಲು 12 ಸೆ.ಮೀ. ಉದ್ದ. ನಿಮ್ಮ 46 ಸೆ.ಮೀ.ಗೆ 552 ಸೆ.ಮೀ., ಅಂದರೆ 18 ಅಡಿ ದಾಟುತ್ತದೆ. 320ರಲ್ಲಿ ಮುಗಿಸಿದರೆ 1:7 ಆಗುತ್ತದೆ. ಮನುಷ್ಯ, ಕುರ್ಚಿ ಸೇರಿ 95 ಕೆ.ಜಿ. ಎಂದಿಟ್ಟುಕೊಳ್ಳಿ. 1:12ರಲ್ಲಿ ಮೇಲೆ ತಳ್ಳುವುದು ಸುಮಾರು 8 ಕೆ.ಜಿ.ಯನ್ನು ಎತ್ತಿ ಹಿಡಿದಷ್ಟು, 1:7ರಲ್ಲಿ 13 ಕೆ.ಜಿ. ದಾಟುತ್ತದೆ. ಅದೂ ಒಂದೊಂದು ತಳ್ಳಿಗೂ ಕೈ ಬಿಟ್ಟು ಮತ್ತೆ ಹಿಡಿಯಬೇಕು, ಬಿಟ್ಟ ಕ್ಷಣ ಕುರ್ಚಿ ಹಿಂದಕ್ಕೆ ಜಾರುತ್ತದೆ. ಕಡಿದಾದ ಏರಿನಲ್ಲಿ ಮುಂದಿನ ಸಣ್ಣ ಗಾಲಿ ಎದ್ದು ಕುರ್ಚಿ ಬೆನ್ನಿನ ಮೇಲೆ ಮಗುಚುವುದೂ ಉಂಟು. ಇಳಿಯುವಾಗ ನಿಮ್ಮ ಗೇಟು, ಗೇಟಿನ ಆಚೆ ರಸ್ತೆ. ಇನ್ನೊಬ್ಬರು ಹಿಡಿದರೆ ಮಾತ್ರ ಹತ್ತಬಹುದಾದ ರ‍್ಯಾಂಪ್ ಎಂದರೆ ಎತ್ತಿ ಒಳಗಿಡುವ ಇಬ್ಬರ ಬದಲು ಒಬ್ಬರಾದರು, ಅಷ್ಟೆ.

ನಿಮ್ಮ ಅಳತೆಯಲ್ಲೇ ಪರಿಹಾರ ಉಂಟು. ಬಾಗಿಲು ಎಡತುದಿಯಲ್ಲಿದೆ ಎಂದಿರಿ. ಬಾಗಿಲಿನ ಎದುರು ಒಳಗಿನ ನೆಲದ ಮಟ್ಟಕ್ಕೇ 150 ಸೆ.ಮೀ. ಚದರದ ಜಗಲಿ ಮಾಡಿ. ಅಷ್ಟು ಇಲ್ಲದಿದ್ದರೆ ಮೇಲೆ ಬಂದವರು ಕುರ್ಚಿ ತಿರುಗಿಸಿ ಬಾಗಿಲು ತೆರೆಯಲಾಗದು. ಜಗಲಿಯ ಬಲ ಅಂಚಿನಿಂದ ಗೋಡೆಗುಂಟ 552 ಸೆ.ಮೀ. ಇಳಿಸಿ. ಎರಡೂ ಸೇರಿ 702, ನಿಮ್ಮ ಗೋಡೆ 740. ಹಿಡಿಸುತ್ತದೆ. ಅಗಲ 120 ಸೆ.ಮೀ. ಇರಲಿ. ಈಗಿನ ಮೂರು ಮೆಟ್ಟಿಲು ಜಗಲಿಯ ಎದುರು ಅಂಚಿಗೆ ಬರಲಿ, ತೆಗೆಯಬೇಡಿ. ಊರುಗೋಲಿನವರಲ್ಲಿ ಕೆಲವರಿಗೆ ಇಳಿಜಾರಿಗಿಂತ ಮೆಟ್ಟಿಲೇ ಹಿತ. ಬುಡದಲ್ಲೂ ಕುರ್ಚಿ ತಿರುಗಲು 150 ಸೆ.ಮೀ. ಸಮತಟ್ಟು ಜಾಗ ಬೇಕು. ಬಲಗಡೆ ಗೋಡೆಯ ಗೆರೆಯಲ್ಲಿ ಉಳಿಯುವುದು 38 ಮಾತ್ರ, ಹಾಗಾಗಿ ಅದು ಕಟ್ಟಡದ ಮೂಲೆ ದಾಟಿ ಸಿಗಬೇಕು. ಅಲ್ಲಿ ಜಾಗ ಎಷ್ಟುಂಟು ನೋಡಿ.

ಗ್ರಾನೈಟ್ ಬೇಡವೇ ಬೇಡ. ಜೂನ್‌ನಿಂದ ಅದರ ಮೇಲೆ ಹಾವಸೆ ಕಟ್ಟಿದರೆ ನಡೆಯುವವರೂ ಬೀಳುತ್ತಾರೆ. ಕಾಂಕ್ರೀಟ್ ಹಸಿ ಇರುವಾಗಲೇ ಅಡ್ಡಕ್ಕೆ ಪೊರಕೆಯ ಗೆರೆ ಎಳೆಯಿರಿ. ತೆರೆದ ಬದಿಗೆ ಗಾಲಿ ಜಾರದ ಹಾಗೆ ತಗ್ಗಿನ ಕಟ್ಟೆ ಬೇಕು. ಹಿಡಿಕಂಬಿ ಎರಡೂ ಬದಿಗೆ ಬರಲಿ. ಬುಡದ ಚರಂಡಿಗೆ ಜಾಲರಿ ಹಾಕುವುದಾದರೆ ಅದರ ಸರಳುಗಳು ಹೋಗುವ ದಿಕ್ಕಿಗೆ ಅಡ್ಡಲಾಗಿರಬೇಕು. ಉದ್ದಕ್ಕೆ ಇದ್ದರೆ ಮುಂದಿನ ಗಾಲಿ ಸಂದಿನಲ್ಲಿ ಸಿಕ್ಕಿ ಕುಳಿತವರು ಮುಂದಕ್ಕೆ ಎಸೆಯಲ್ಪಡುತ್ತಾರೆ.

ಮುರಕಲ್ಲು

ಒಪ್ಪಿದೆ ಮೇಡಂ, ನಾನು ಸ್ಕೂಟರ್ ಲೆಕ್ಕದಲ್ಲೇ ಇದ್ದೆ. ಆದರೆ ಇನ್ನೊಂದು ದಾರಿ ಹೇಳ್ತೇನೆ. ಇಲ್ಲಿನ ಜಾಗ ಯಾವುದೂ ಸಮ ಇರುದಿಲ್ಲ. ಹಿಂದಿನ ಬಾಗಿಲ ಹತ್ತಿರ ನೆಲ ಎತ್ತರ ಇರಬಹುದು. ಪಾರದರ್ಶಕ ಪೈಪಿಗೆ ನೀರು ತುಂಬಿಸಿ, ಒಂದು ತುದಿ ಒಳಗಿನ ನೆಲದ ಮಟ್ಟಕ್ಕೆ, ಇನ್ನೊಂದು ಹಿಂದಿನ ಅಂಗಳಕ್ಕೆ ಹಿಡಿದು ಅಳೆಯಿರಿ. ಪೈಪಿನೊಳಗೆ ಗಾಳಿಗುಳ್ಳೆ ಇದ್ದರೆ ಲೆಕ್ಕ ತಪ್ಪುತ್ತದೆ, ನೋಡಿಕೊಳ್ಳಿ.

ಓದುಗರ_ಬಳಗ

ಇವತ್ತು ಅಳೆದೆವು. ಹಿಂದಿನ ಬಾಗಿಲಿಗೆ ಬರೇ 17 ಸೆ.ಮೀ.! ಅಲ್ಲಿ 204 ಸೆ.ಮೀ. ಇಳಿಜಾರು ಸಾಕು. ಖರ್ಚು ಕಡಿಮೆ, ಎದುರಿನ ಸ್ಕೂಟರ್ ನಿಲ್ಲಿಸುವ ಜಾಗವೂ ಉಳಿಯುತ್ತದೆ. ಸಮಿತಿಯ ಹೆಚ್ಚಿನವರಿಗೆ ಇದೇ ಒಳ್ಳೆಯದೆನಿಸಿದೆ. ಎದುರಿನ ಬಲಮೂಲೆಯ ಆಚೆ 170 ಸೆ.ಮೀ. ಖಾಲಿ ಜಾಗ ಇದೆ, ಅದನ್ನೂ ನೋಡಿದೆವು.

ಕರಿಕೋಟು

ಹಿಂದಿನ ಬಾಗಿಲಿನ ಕೀಲಿ ಯಾರ ಹತ್ತಿರ ಇರುತ್ತದೆ?

ಓದುಗರ_ಬಳಗ

ಕಾರ್ಯದರ್ಶಿಯವರ ಹತ್ತಿರ. ಫೋನ್ ಮಾಡಿದರೆ ಬಂದು ತೆರೆಯುತ್ತಾರೆ.

ಕರಿಕೋಟು

ಹಾಗಾದರೆ ಮೆಟ್ಟಿಲಿನ ಜಾಗಕ್ಕೆ ಕೀಲಿ ಬಂತು. ಉಳಿದ ಸದಸ್ಯರು ತಮಗೆ ಬೇಕಾದಾಗ ಬರುತ್ತಾರೆ, ಇವರು ಮಾತ್ರ ಕಾರ್ಯದರ್ಶಿಯವರ ಬಿಡುವು ನೋಡಿ ಬರಬೇಕು. 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟು ರಾಜೀವ್ ರತೂರಿ ಪ್ರಕರಣದಲ್ಲಿ, ಪ್ರವೇಶ ಸೌಲಭ್ಯದ ಮಾನದಂಡಗಳು ಬರೇ ಸಲಹೆಯ ರೂಪದಲ್ಲಿದ್ದರೆ ಸಾಲದು, ಪಾಲಿಸಲೇಬೇಕಾದ ನಿಯಮಗಳೂ ಇರಬೇಕು ಎಂದಿತು. ಹಿಂಬಾಗಿಲು ಸಾಕೋ ಬೇಡವೋ ಎಂದು ನಿಮ್ಮ ಸಂಘದ ಬಗ್ಗೆ ನಾನು ತೀರ್ಪು ಕೊಡುವುದಿಲ್ಲ.

ಮುರಕಲ್ಲು

ವಕೀಲರೇ, ಕೀಲಿ ತೆಗೆದು ಬಾಗಿಲು ತೆರೆದೇ ಇಟ್ಟರೆ ಆಯಿತಲ್ಲ. 17 ಸೆ.ಮೀ. ಬಿಟ್ಟು 46 ಏರಿ ಅಂತ ಹೇಳುದು ಆ ಯುವಕನಿಗೇ ಕಷ್ಟ ಕೊಟ್ಟ ಹಾಗೆ. ಉದ್ದ ಇಳಿಜಾರೂ ತೋಳಿಗೆ ಆಯಾಸವೇ.

ವಾಣಿ_ತೆಂಕುಪೇಟೆ

ಅದೂ ಹೌದು, ಇಲ್ಲಿ ಮುರಕಲ್ಲು ಅವರ ಮಾತು ತಳ್ಳಿಹಾಕುವಂಥದ್ದಲ್ಲ. ನನ್ನ ಒಲವು ಎದುರಿನ ಬಾಗಿಲಿಗೇ. ಮಂಡಿನೋವಿನ ಅಜ್ಜಿ, ಮಗುವಿನ ತಳ್ಳುಗಾಡಿ ತಂದವರು, ಪುಸ್ತಕದ ಪೆಟ್ಟಿಗೆ ಹೊತ್ತವರು ಎಲ್ಲರೂ ಅದನ್ನೇ ಬಳಸುತ್ತಾರೆ. ಹಿಂಬಾಗಿಲು ಒಬ್ಬರ ಹೆಸರಿನದ್ದಾಗಿ ಉಳಿಯುತ್ತದೆ, ಎರಡು ಮಳೆಗಾಲ ಕಳೆಯುವಾಗ ಅಲ್ಲಿ ಹಳೆ ಬೆಂಚುಗಳನ್ನು ಒಟ್ಟಿರುತ್ತಾರೆ. ಆದರೆ ಹಿಂದಿನ ದಾರಿಯ ಅಗಲ ಎಷ್ಟು? ಗೇಟಿನಿಂದ ಅಲ್ಲಿಗೆ ಹೋಗುವುದು ಹೇಗೆ? ಅದನ್ನು ಅಳೆಯದೆ 17 ಎಂಬ ಲೆಕ್ಕಕ್ಕೆ ಅರ್ಥವಿಲ್ಲ. ಬಾಗಿಲಿನ ತೆರವು 90 ಸೆ.ಮೀ. ಉಂಟೋ, ಕಪಾಟುಗಳ ನಡುವೆಯೂ ಅಷ್ಟು ಉಂಟೋ ನೋಡಿ. ಒಳಗೆ ಬಂದು ಬಾಗಿಲಲ್ಲೇ ಕುಳಿತಿರುವ ಹಾಗಾಗಬಾರದು.

ಮತ್ತೆ, ಇಷ್ಟು ಮಾತಾಡಿದೆವಲ್ಲ, ಆ ಯುವಕನನ್ನು ಯಾರಾದರೂ ಕೇಳಿದ್ದೀರಾ?

ಓದುಗರ_ಬಳಗ

ಇಲ್ಲ. ಸಭೆಗೆ ಕರೆದಿದ್ದೆವು, ಆದರೆ ಸಭೆ ನಡೆಯುವುದು ಸಂಘದ ಮಹಡಿಯಲ್ಲಿ. ಈ ಭಾನುವಾರದ್ದನ್ನು ಕೆಳಗಿನ ಅಂಗಳದಲ್ಲಿ, ಚಪ್ಪರದ ಅಡಿ ಇಡುತ್ತೇವೆ. ಬದಿಯ ದಾರಿಯನ್ನೂ ಅಳೆದೆ: ಬಾವಿಕಟ್ಟೆಯ ಹತ್ತಿರ 78 ಸೆ.ಮೀ.ಗೆ ಕಿರಿದಾಗುತ್ತದೆ.

ಮುರಕಲ್ಲು

78 ಆಗ್ಲಿಕ್ಕಿಲ್ಲ. ಬಾವಿಕಟ್ಟೆ ಒಡೆಯುವ ಮಾತು ಬಂದರೆ ಊರಿನ ಹಿರಿಯರನ್ನು ಒಪ್ಪಿಸುದು ನಿಮ್ಮ ಕೆಲಸ, ನನ್ನದಲ್ಲ. ಎದುರಿನದ್ದೇ ಆಗುದಾದರೆ ಮಳೆ ಹಿಡಿಯುವ ಮೊದಲು ಹೇಳಿ, ಪೊರಕೆ ನಾನೇ ತರ್ತೇನೆ.